ಹಡಗಿಗೆ ಹೊರಟ ಹುಡುಗನಿಗೆ ಬರೆದುಕೊಟ್ಟ ಪತ್ರ

ನಾನು ತುಮಕೂರಿನ ಹೈವೇ ಬದಿಯ ಹೋಟೆಲೊಂದರಲ್ಲಿ ಚೆಫ್. ನಮ್ಮ ಕಿಚನ್ನಿನ ಕಮಿ, ಅಂದರೆ ಕಿರಿಯ ಅಡುಗೆಯವನೊಬ್ಬ, ಗುಬ್ಬಿ ಕಡೆಯ ಹುಡುಗ, ಕ್ರೂಸ್ ಹಡಗಿನ ಕೆಲಸಕ್ಕೆ ಅರ್ಜಿ ಹಾಕಿದ. ಶಿಫಾರಸು ಪತ್ರ ಬೇಕು ಅಂತ ಒಂದು ಮಾದರಿಯನ್ನೂ ತಂದಿದ್ದ. ಪ್ರಾಮಾಣಿಕ, ಶ್ರಮಜೀವಿ, ಎಲ್ಲರೊಂದಿಗೆ ಹೊಂದಿಕೊಳ್ಳುವವನು. ಇದನ್ನ ಸೆಕ್ಯುರಿಟಿಯವನಿಗೂ ಕೊಡಬಹುದು ಅಲ್ವಾ? ಪಕ್ಕಕ್ಕಿಟ್ಟು ಹೊಸದಾಗಿ ಬರೆದೆ.

ಮೊದಲು ಆಫೀಸಿನಿಂದ ಅವನ ಫೈಲ್ ತರಿಸಿದೆ. ಟ್ರೈನಿಯಾಗಿ ಸೇರಿದ ದಿನ, ಕಮಿ ಆದ ದಿನ, ಎರಡನ್ನೂ ಬರೆದೆ. ಹಡಗಿಗೆ ಜನರನ್ನು ಆರಿಸುವ ಏಜೆನ್ಸಿಯವರು ಇದನ್ನು ಅನುಭವ ಪತ್ರ, ಸಂಬಳದ ಚೀಟಿಗಳ ಜೊತೆ ಇಟ್ಟು ನೋಡಬಹುದು. ಒಂದು ತಿಂಗಳು ಆಚೀಚೆ ಇದ್ದರೂ ಉಳಿದದ್ದನ್ನು ನಂಬೋದು ಕಷ್ಟ. ಆಮೇಲೆ ಕೆಲಸ: ಬೆಳಗಿನ ಬಫೆ, ಇಂಡಿಯನ್ ಸೆಕ್ಷನ್, ತಂದೂರ್, ಮುಹೂರ್ತದ ದಿನಗಳಲ್ಲಿ 800 ಎಲೆಯ ಮದುವೆ ಊಟ. ಹಡಗಿನಲ್ಲಿ ಸಾವಿರಗಟ್ಟಲೆ ಜನಕ್ಕೆ ಬೇಯಿಸಬೇಕು. ಒಂದು ಪ್ಲೇಟ್ ಅಂದವಾಗಿ ಜೋಡಿಸೋದಕ್ಕಿಂತ ಈ ಲೆಕ್ಕ ಅವರಿಗೆ ಮುಖ್ಯ.

ಜಾಸ್ತಿ ಜಾಗ ಕೊಟ್ಟಿದ್ದು ಸ್ವಚ್ಛತೆಗೆ. ಅಮೆರಿಕದ ಬಂದರುಗಳಿಗೆ ಹೋಗುವ ಹಡಗುಗಳನ್ನು ಅಲ್ಲಿನ ಸರ್ಕಾರದ ಆರೋಗ್ಯ ಸಂಸ್ಥೆ ಸಿಡಿಸಿಯವರು ತಪಾಸಣೆ ಮಾಡುತ್ತಾರೆ. 100ಕ್ಕೆ 85 ಬಂದರೂ ಫೇಲ್. ಬೇಯಿಸಿದ ಪದಾರ್ಥ 57 ಡಿಗ್ರಿಯಿಂದ 21ಕ್ಕೆ ಎರಡು ಗಂಟೆಯೊಳಗೆ, ಅಲ್ಲಿಂದ 5ಕ್ಕೆ ಇನ್ನು ನಾಲ್ಕು ಗಂಟೆಯೊಳಗೆ ಇಳಿಯಬೇಕು. ನಮ್ಮಲ್ಲಿ ಮಖನಿ ಗ್ರೇವಿ ದೊಡ್ಡ ಪಾತ್ರೆಯಲ್ಲಿ ಆಗುತ್ತದೆ. ಪಾತ್ರೆ ಸಮೇತ ಕೋಲ್ಡ್ ರೂಮಿಗೆ ತಳ್ಳಿದರೆ ಮೇಲೆ ತಣ್ಣಗಾಗಿ ನಡುವೆ ಬಿಸಿ ಹಾಗೇ ಇರುತ್ತದೆ, ಕೆಡೋದೂ ಅಲ್ಲೇ. ಈ ಹುಡುಗ ಅದನ್ನು ಅಗಲದ ಟ್ರೇಗಳಿಗೆ ಎರಡೇ ಬೆರಳು ಎತ್ತರ ಸುರಿದು, ಅಡಿಗೆ ಐಸ್ ಇಟ್ಟು ಕೈಯಾಡಿಸುತ್ತಾನೆ. ಥರ್ಮಾಮೀಟರನ್ನು ನಡುವೆ ಚುಚ್ಚಿ, ಸಮಯ ಹಾಕಿ ಲಾಗ್ ಬುಕ್ಕಿನಲ್ಲಿ ಬರೆಯುತ್ತಾನೆ. ಇದನ್ನೇ ಸರಳವಾಗಿ ಪತ್ರದಲ್ಲಿಟ್ಟೆ. ಲಾಗ್ ಬುಕ್ಕಿನ ಒಂದು ಪುಟದ ನಕಲನ್ನೂ ಅವನ ಕೈಗೆ ಕೊಟ್ಟೆ.

"ಚೆಫ್, ಕಾಂಟಿನೆಂಟಲ್ ಅಡುಗೆನೂ ಬರುತ್ತೆ ಅಂತ ಒಂದು ಸಾಲು ಹಾಕಿಬಿಡಿ" ಅಂದ.

"ಹಾಲಂಡೈಸ್ ಸಾಸ್ ಒಡೆದರೆ ಏನ್ ಮಾಡ್ತೀಯೋ?"

ಸುಮ್ನೆ ನಿಂತ. ಇಂಟರ್ವ್ಯೂನಲ್ಲೂ ಹಾಗೇ ನಿಂತರೆ ತಂದೂರಿನ ಅನುಭವವನ್ನೂ ಅನುಮಾನಿಸುತ್ತಾರೆ. ಆ ಸಾಲು ಹಾಕಲಿಲ್ಲ. ಬದಲಿಗೆ, ಬರೆದಿಟ್ಟ ರೆಸಿಪಿ ಕಾರ್ಡ್ ನೋಡಿ ತೂಕ ತಪ್ಪದೆ ಮಾಡುತ್ತಾನೆ ಅಂತ ಹಾಕಿದೆ. ಅದು ನಿಜ. ಹಡಗಿನಲ್ಲೂ ಕೈ ಅಳತೆ ನಡೆಯೋದಿಲ್ಲ. ಒಂದು ಮೆಟ್ಟಿಲು ಕೆಳಗಿನ ಹುದ್ದೆ ಕೊಟ್ಟರೂ ಬೇಡ ಅನ್ನಬೇಡ ಅಂತ ಹೇಳಿದೆ. ಹೋಟೆಲಿನಿಂದ ಹಡಗಿಗೆ ಹೋಗುವವರಿಗೆ ಅದು ಮಾಮೂಲು.

ಕೊನೆಯ ಸಾಲು: ವಾಪಸ್ ಬಂದರೆ ಮತ್ತೆ ಸೇರಿಸಿಕೊಳ್ಳುತ್ತೇನೆ. ಪತ್ರ ಒಂದೇ ಪುಟ, ಹೋಟೆಲಿನ ಲೆಟರ್‌ಹೆಡ್, ಸೀಲು, ನನ್ನ ಮೊಬೈಲ್ ನಂಬರ್, ಹೋಟೆಲಿನದೇ ಇಮೇಲ್. ಜಿಮೇಲ್ ವಿಳಾಸ ಯಾರು ಬೇಕಾದರೂ ಮಾಡಿಕೊಳ್ಳಬಹುದು. ಏಜೆನ್ಸಿಯಿಂದ ಫೋನ್ ಬಂತು. ಸೇರಿದ ತಾರೀಕು ಕೇಳಿದರು, ಆಮೇಲೆ ಗ್ರೇವಿ ತಣ್ಣಗೆ ಮಾಡೋದು ಹೇಗೆ ಅಂತ ನನ್ನನ್ನೇ ಕೇಳಿದರು. ಅದೇ ಪ್ರಶ್ನೆ ಇಂಟರ್ವ್ಯೂನಲ್ಲಿ ಅವನಿಗೂ ಬಿತ್ತಂತೆ.