ಹಂಚಿನ ಮನೆ ಕಳಚುವವನ ಕಾಲಿಗೆ ಮೊಳೆ: ಎಷ್ಟು ಚುಚ್ಚುಮದ್ದು ಬೇಕೆಂಬ ಲೆಕ್ಕ

ಕುಮಟಾ, ಅಂಕೋಲಾ ಕಡೆಯ ಹಳೆಯ ಹಂಚಿನ ಮನೆಗಳನ್ನು ಕಳಚುವ ಗುತ್ತಿಗೆಯನ್ನು ನಾನು ಸುಮಾರು ಹದಿನೆಂಟು ವರ್ಷಗಳಿಂದ ಮಾಡುತ್ತಿದ್ದೇನೆ. ಮಾಡಿನ ಮರದ ರೀಪು, ಪಕಾಸು ಇಳಿಸುವಾಗ ಮೊಳೆ ತುಳಿಯುವುದು ಎಲ್ಲ ಗುತ್ತಿಗೆದಾರರಿಗೂ ಗೊತ್ತಿರುವ ಕಷ್ಟ. ಮೊಳೆ ಚುಚ್ಚಿದವರಿಗೆಲ್ಲ ಒಂದೊಂದು ಟಿಟಿ ಚುಚ್ಚಿಸಿ ಕಳಿಸುವ ಪದ್ಧತಿಯನ್ನು ನಾನು ಬಿಟ್ಟಾಗ, ಹಿರಿಯ ಮೇಸ್ತ್ರಿಗಳು ನನ್ನನ್ನು ಜಿಪುಣನೆಂದರು. ಆದರೆ ನಾನು ಬಿಟ್ಟದ್ದು ಚುಚ್ಚುಮದ್ದನ್ನಲ್ಲ, ವಿಚಾರಿಸದೆ ಚುಚ್ಚಿಸುವುದನ್ನು.

ಮೊದಲು ತೊಳೆಯುವ ವಿಷಯ. ಧನುರ್ವಾಯು ತರುವುದು ತುಕ್ಕಲ್ಲ, ಮಣ್ಣು ಮತ್ತು ಸಗಣಿಯಲ್ಲಿರುವ ಸೂಕ್ಷ್ಮಾಣು. ಗಾಳಿಯಾಡದ ಆಳದ ಗಾಯದಲ್ಲಿ ಅದು ಬೆಳೆಯುತ್ತದೆ. ಆದ್ದರಿಂದ ಕೊಟ್ಟಿಗೆಯ ರೀಪಿನ ಮೊಳೆಯನ್ನು ನಾನು ಮನೆಯ ಒಳಕೋಣೆಯ ಮೊಳೆಗಿಂತ ಹೆಚ್ಚು ಅಪಾಯಕಾರಿ ಎಂದು ಎಣಿಸುತ್ತೇನೆ. ಹಿಂದೆ ನಾವು ಗಾಯಕ್ಕೆ ಸೀಮೆಎಣ್ಣೆ ಸುರಿದು, ಕಾಫಿಪುಡಿ ಒತ್ತಿ ಕಟ್ಟುತ್ತಿದ್ದೆವು. ಅದು ರಂಧ್ರದ ಬಾಯಿಯನ್ನು ಮುಚ್ಚಿ ಕೊಳೆಯನ್ನು ಒಳಗೇ ಇರಿಸುತ್ತಿತ್ತು. ಈಗ ಶುದ್ಧ ನೀರನ್ನು ಪೈಪಿನಿಂದ ಹರಿಯಬಿಟ್ಟು, ಸುತ್ತಲೂ ಸೋಪು ಹಚ್ಚಿ, ಹತ್ತು ನಿಮಿಷ ಬಿಡದೆ ತೊಳೆಸುತ್ತೇನೆ. ಸಿರಿಂಜಿನಿಂದ ಜೋರಾಗಿ ರಂಧ್ರದೊಳಕ್ಕೆ ನೀರು ಚಿಮ್ಮಿಸುವುದನ್ನೂ ಒಮ್ಮೆ ಪ್ರಯತ್ನಿಸಿದೆ. ನೀರು ಹೊರಬರದೆ ಪಾದ ಊದಿಕೊಂಡಿತು, ಮತ್ತೆ ಅದನ್ನು ಮಾಡಲಿಲ್ಲ. ಬಾಯಿ ಹೊಲಿಸುವುದಾಗಲಿ, ಒಳಗೆ ಕಡ್ಡಿ ಹಾಕಿ ಕೆದಕುವುದಾಗಲಿ ಬೇಡ.

ನನಗೆ ಹೆಚ್ಚು ನಷ್ಟ ಮಾಡಿದ್ದು ಇನ್ನೊಂದು. ಹವಾಯಿ ಚಪ್ಪಲಿಯ ಮೂಲಕ ಮೊಳೆ ಹೊಕ್ಕ ಒಬ್ಬ ಹುಡುಗನ ಗಾಯ ಮೇಲಿಂದ ಒಣಗಿತು, ಐದನೆಯ ದಿನ ನೋವು ಹೆಚ್ಚಾಯಿತು, ಪಾದ ಬಿಸಿಯಾಗಿ ಕೆಂಪಾಯಿತು. ಆಸ್ಪತ್ರೆಯಲ್ಲಿ ಕೊಯ್ದಾಗ ಕಡಲೆಕಾಳಿಗಿಂತ ಚಿಕ್ಕದಾದ ಚಪ್ಪಲಿಯ ರಬ್ಬರಿನ ತುಣುಕು ಸಿಕ್ಕಿತು. ನನ್ನ ನೆನಪಿನಂತೆ ಔಷಧಿ ಮತ್ತು ಕೂಲಿ ಸೇರಿ ಎಂಟು ಸಾವಿರ ಹೋಯಿತು. ಅಂದಿನಿಂದ ಚಪ್ಪಲಿಯ ರಂಧ್ರದಲ್ಲಿ ರಬ್ಬರು ಕಿತ್ತುಹೋಗಿದೆಯೇ, ಮೊಳೆಯ ತುದಿ ಪೂರ್ತಿ ಇದೆಯೇ ಎಂದು ನೋಡುತ್ತೇನೆ. ಕಡಿಮೆಯಿದ್ದರೆ ಅಂದೇ ವೈದ್ಯರ ಬಳಿಗೆ. ನಡುವೆ ಹಗ್ಗಕ್ಕೆ ಕಟ್ಟಿದ ಅಯಸ್ಕಾಂತದಿಂದ ಅಂಗಳ ಗುಡಿಸುವುದನ್ನೂ ಶುರುಮಾಡಿದೆ. ಒಂದು ಮನೆಗೆ ಸುಮಾರು ಮೂರು ಕಿಲೋ ಮೊಳೆ ಸಿಗುತ್ತದೆ, ಗುಜರಿಯಲ್ಲಿ ಅಷ್ಟಿಷ್ಟು ಹಣವೂ ಬರುತ್ತದೆ.

ಇನ್ನು ಚುಚ್ಚುಮದ್ದಿನ ಲೆಕ್ಕ. ಕಳೆದ ಮಳೆಗಾಲಕ್ಕೆ ಮುಂಚೆ ಒಂದೇ ಕೊಟ್ಟಿಗೆಯಲ್ಲಿ ಇಬ್ಬರಿಗೆ ಮೊಳೆ ಚುಚ್ಚಿತು. ಒಬ್ಬಳು ಇಪ್ಪತ್ತೆಂಟರ ಹೆಣ್ಣುಮಗಳು. ಬಾಲ್ಯದ ಲಸಿಕೆಗಳು, ಶಾಲೆಯಲ್ಲಿ ಹಾಕಿದವು, ಬಸುರಿಯಾಗಿದ್ದಾಗ ಹಾಕಿದವು ಎಲ್ಲ ಅವಳ ಕಾರ್ಡಿನಲ್ಲಿದ್ದವು, ಕೊನೆಯದಕ್ಕೆ ಮೂರು ವರ್ಷ. ಇನ್ನೊಬ್ಬರು ಐವತ್ತೈದು ದಾಟಿದ ಗಂಡಸು. 'ಒಡೆಯಾ, ಹೋದ ವರ್ಷವೇ ಟಿಟಿ ತಗೊಂಡಿದ್ದೇನೆ' ಎಂದರು. ಮೇಸ್ತ್ರಿ ಇವರನ್ನು ಬಿಟ್ಟು ಅವಳಿಗೆ ಚುಚ್ಚಿಸಲು ಹೇಳಿದ. ನಾನು ಅದನ್ನು ತಿರುಗಿಸಿದೆ.

ಕೊನೆಯದು ಯಾವಾಗ ಎಂಬುದಕ್ಕಿಂತ ಮೊದಲು ಜೀವನದಲ್ಲಿ ಒಟ್ಟು ಎಷ್ಟು ಎಂದು ಕೇಳಬೇಕು. ಮೂರು ಅಥವಾ ಹೆಚ್ಚು ಪೂರ್ತಿಯಾಗಿದ್ದರೆ, ಇಂಥ ಕೊಳಕು ಗಾಯಕ್ಕೆ ಕೊನೆಯದು ಹಾಕಿಸಿ ಐದು ವರ್ಷ ಕಳೆದಿದ್ದಾಗ ಮಾತ್ರ ಮತ್ತೊಂದು ಬೇಕು. ಚಿಕ್ಕ, ಸ್ವಚ್ಛ ಗಾಯಕ್ಕೆ ಹತ್ತು ವರ್ಷ. ಅವಳಿಗೆ ತೊಳೆಯುವುದಷ್ಟೇ ಸಾಕಾಯಿತು. ಆದರೆ ದೇಶದಲ್ಲಿ ಮಕ್ಕಳಿಗೆ ಈ ಲಸಿಕೆ ಹಾಕುವ ಸರ್ಕಾರಿ ಕಾರ್ಯಕ್ರಮ ಶುರುವಾದದ್ದು 1978ರಲ್ಲಿ. ಅದಕ್ಕೂ ಮೊದಲು ಹುಟ್ಟಿದ ಗಂಡಸರಲ್ಲಿ ಹೆಚ್ಚಿನವರಿಗೆ ಬಾಲ್ಯದ ಲಸಿಕೆಯೂ ಇಲ್ಲ, ಹೆಂಗಸರಿಗೆ ಬಸುರಿಯಾದಾಗ ಸಿಗುವ ಲಸಿಕೆಯೂ ಇಲ್ಲ. ಹೋದ ವರ್ಷದ ಆ ಒಂದು ಚುಚ್ಚುಮದ್ದು ಐವತ್ತೈದು ದಾಟಿದ ಆ ಕೂಲಿಯವರ ಮೊದಲನೆಯದು. ಅದೊಂದೇ ರಕ್ಷಣೆ ಕೊಡುವುದಿಲ್ಲ. ಅಂಥವರಿಗೆ ಟಿಟಿಯ ಬದಲಿಗೆ ಈಗ ಬಂದಿರುವ ಟಿಡಿ ಲಸಿಕೆಯ ಜೊತೆಗೆ, ದೇಹದ ಬೇರೆ ಜಾಗದಲ್ಲಿ, ಸಿದ್ಧ ಪ್ರತಿಕಾಯಗಳಿರುವ ಟೆಟನಸ್ ಇಮ್ಯುನೋಗ್ಲಾಬ್ಯುಲಿನ್ 250 ಯೂನಿಟ್ ಕೊಡಬೇಕಾಗುತ್ತದೆ, ಏಕೆಂದರೆ ಲಸಿಕೆ ಕೆಲಸ ಮಾಡಲು ದಿನಗಳು ಬೇಕು, ರೋಗ ಸಾಮಾನ್ಯವಾಗಿ ಮೂರರಿಂದ ಇಪ್ಪತ್ತೊಂದು ದಿನಗಳಲ್ಲಿ ಬರುತ್ತದೆ. ಟಿಡಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಹಣ ಕೊಡಬೇಕಿಲ್ಲ. ಇಮ್ಯುನೋಗ್ಲಾಬ್ಯುಲಿನ್‌ಗೆ ಹೊರಗಿನ ಅಂಗಡಿಯಲ್ಲಿ ಸಾವಿರದ ಮೇಲೆ ಕೊಟ್ಟೆ. ನಾನು ಹೇಳಿದ್ದನ್ನು ವೈದ್ಯರು ಕೇಳಿ, ಹಾಗೆಯೇ ಬರೆದುಕೊಟ್ಟರು.

ಮುಂದಿನ ಮೂರು ವಾರ ಅವರ ಮನೆಯವರಿಗೆ ಬಾಯಿ ಪೂರ್ತಿ ತೆರೆಯಲು ಕಷ್ಟವೇ, ನುಂಗಲು ತೊಂದರೆಯೇ, ಕುತ್ತಿಗೆ ಬಿಗಿಯೇ ಎಂದು ದಿನವೂ ವಿಚಾರಿಸಲು ಹೇಳಿದ್ದೆ, ಏನೂ ಆಗಲಿಲ್ಲ. ಗಾಯದ ದಿನ ಹಾಕಿದ ಟಿಡಿ ಅವರ ಎರಡನೆಯದೆಂದು ಲೆಕ್ಕವಾದ್ದರಿಂದ, ಮೂರನೆಯದನ್ನು ಏಳು ತಿಂಗಳ ನಂತರ, ನಾನೇ ಬೈಕಿನಲ್ಲಿ ಕೂರಿಸಿಕೊಂಡು ಹೋಗಿ ಹಾಕಿಸಿದೆ. ಮೇಸ್ತ್ರಿ ಈಗ ಹೊಸಬರು ಬಂದ ದಿನವೇ 'ಒಟ್ಟು ಎಷ್ಟು ಹಾಕಿಸಿಕೊಂಡಿದ್ದೀರಿ' ಎಂದು ಕೇಳಿ ನನ್ನ ಪಟ್ಟಿಗೆ ಬರೆಸುತ್ತಾನೆ.