ಅಣ್ಣನ ರಿಸೆಪ್ಷನ್‌ನಲ್ಲಿ ನಾಲ್ಕು ನಿಮಿಷದ ಮಾತು: ನನ್ನ ಅನುಭವ

"ನಮ್ಮ ಕಡೆ ಇದೆಲ್ಲ ನಡೆಯಲ್ಲಪ್ಪ" ಅಂತ ದೊಡ್ಡಪ್ಪ ಮೊದಲೇ ಹೇಳಿಬಿಟ್ಟಿದ್ದರು. ಕೋಲಾರದ ಛತ್ರದಲ್ಲಿ ರಿಸೆಪ್ಷನ್ ಹೇಗಿರುತ್ತೆ ಅಂತ ನಿಮಗೂ ಗೊತ್ತು. ಆರ್ಕೆಸ್ಟ್ರಾ ಸದ್ದು, ಸ್ಟೇಜ್ ಮೇಲೆ ಫೋಟೋ ಸಾಲು, ಕೆಳಗೆ ಊಟಕ್ಕೆ ಸೀಟ್ ಹಿಡಿಯುವ ಗಲಾಟೆ. ಇದರ ಮಧ್ಯೆ ಗಂಡಿನ ತಮ್ಮ ಮೈಕ್ ಹಿಡಿದು ನಿಂತರೆ ಯಾರು ಕೇಳ್ತಾರೆ ಅಂತ ಮನೆಯಲ್ಲಿ ಎಲ್ಲರದ್ದೂ ಒಂದೇ ರಾಗ. ಈಗ ಅದೇ ದೊಡ್ಡಪ್ಪ ಆ ವಿಡಿಯೋವನ್ನು ನೆಂಟರಿಗೆಲ್ಲ ಕಳಿಸಿದ್ದಾರೆ. ಮೈಕ್ ಹಿಡಿದು ಅಭ್ಯಾಸ ಇರುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ. ಸ್ಟೇಜ್ ಭಯದ ಮಾತು ಇಲ್ಲಿ ಬರಲ್ಲ.

ಅವರ ಅನುಮಾನಕ್ಕೆ ಕಾರಣ ಇತ್ತು. ನಮ್ಮ ಮನೆತನದಲ್ಲೇ ಒಂದು ಬೀಗರ ಊಟದಲ್ಲಿ ಯಾರೋ ಮಾತಾಡೋಕೆ ಎದ್ದಿದ್ದರು. ಮಟನ್ ಬಡಿಸುವ ಹೊತ್ತಿಗೆ ಮಾತು ಶುರು ಮಾಡಿದರೆ ಯಾವ ಮಾತು ತಾನೆ ನಿಲ್ಲುತ್ತೆ? ಇನ್ನೊಂದು ಮದುವೆಯಲ್ಲಿ ಗಂಡಿನ ಸ್ನೇಹಿತರು ಮೈಕ್ ತೆಗೆದುಕೊಂಡು ಹಾಸ್ಟೆಲ್ ಕಥೆ ಹೇಳಿದರು. ಹುಡುಗರೆಲ್ಲ ಬಿದ್ದು ಬಿದ್ದು ನಕ್ಕರು. ಹೆಣ್ಣಿನ ಅಪ್ಪ ಮಾತ್ರ ಎದ್ದು ಹೊರಗೆ ಹೋದರು. ಎರಡನ್ನೂ ನಾನು ಹತ್ತಿರದಿಂದ ನೋಡಿದ್ದೆ. ಒಂದು ಕಡೆ ಹೊತ್ತು ಕೆಟ್ಟಿತ್ತು, ಇನ್ನೊಂದು ಕಡೆ ವಿಷಯ ಕೆಟ್ಟಿತ್ತು.

ಮೊದಲು ವಿಷಯ. ಅಣ್ಣನ ಬಗ್ಗೆ ನೆನಪಾಗಿದ್ದನ್ನೆಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆದೆ. ಹದಿನೈದೋ ಇಪ್ಪತ್ತೋ ಘಟನೆ ಆದವು. ಪ್ರತಿಯೊಂದಕ್ಕೂ ನಾನು ಕೇಳಿದ್ದು ಒಂದೇ ಪ್ರಶ್ನೆ: ಅಣ್ಣ ಮಾವನ ಮನೆಯಲ್ಲಿ ಊಟಕ್ಕೆ ಕೂತಾಗ ಇದನ್ನು ತಾನಾಗಿ ಹೇಳಿಕೊಂಡು ನಗ್ತಾನಾ? ನಗ್ತಾನೆ ಅಂದರೆ ಇರಲಿ. ಸ್ವಲ್ಪ ಅನುಮಾನ ಬಂದರೂ ಹೊಡೆದು ಹಾಕಿದೆ. ಕೊನೆಗೆ ನಾಲ್ಕೈದು ಉಳಿದವು. ಅದರಲ್ಲೂ ಆಡಿದ್ದು ಒಂದನ್ನೇ. ನಾಲ್ಕು ನಿಮಿಷಕ್ಕೆ ಒಂದು ಕಥೆ ಸಾಕು. ಎರಡನೆಯದು ಸೇರಿಸಿದರೆ ಮೊದಲನೆಯದು ಮರೆತು ಹೋಗುತ್ತೆ.

ಆ ಕಥೆ ಟೊಮ್ಯಾಟೊ ಕಾವಲಿನದು. 2023ರ ಜುಲೈ ನೆನಪಿದೆಯಲ್ವಾ? ಕೋಲಾರ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿತ್ತು. ತೋಟಕ್ಕೆ ಕಳ್ಳರು ಬರ್ತಾರೆ ಅಂತ ಎಲ್ಲ ಕಡೆ ರಾತ್ರಿ ಕಾವಲು. ನಮ್ಮ ತೋಟಕ್ಕೆ ಅಣ್ಣ ಹೋದ, ಒಂದು ಟಾರ್ಚು, ಒಂದು ದೊಣ್ಣೆ ಹಿಡಿದುಕೊಂಡು. ಬೆಳಗ್ಗೆ ನೋಡಿದರೆ ಒಂದು ಹಣ್ಣೂ ಹೋಗಿಲ್ಲ. ಅಣ್ಣನ ಚಪ್ಪಲಿ ಹೋಗಿತ್ತು. ನಾಯಿ ಎತ್ತಿಕೊಂಡು ಹೋಗಿತ್ತೋ ಏನೋ, ಇವತ್ತಿಗೂ ಗೊತ್ತಿಲ್ಲ. ಅಣ್ಣನೇ ಇದನ್ನು ಎಷ್ಟೋ ಸಲ ಹೇಳಿಕೊಂಡು ನಕ್ಕಿದ್ದಾನೆ.

ಇದರ ಮೊದಲ ಬರಹದಲ್ಲಿ ಒಂದು ಸಾಲಿತ್ತು: "ರಾತ್ರಿಯೆಲ್ಲ ಫೋನ್‌ನಲ್ಲೇ ಇದ್ದ, ಕಾಯೋಕೆ ಟೈಮ್ ಎಲ್ಲಿ?" ಚಿಕ್ಕಪ್ಪನ ಮಗಳಿಗೆ ಓದಿ ಹೇಳಿದೆ. ಅವಳು ನಗಲಿಲ್ಲ. "ಹೆಣ್ಣು ನೋಡಿದ್ದು ಯಾವಾಗ?" ಅಂದಳು. ಅದಾಗಿ ಒಂದು ವರ್ಷದ ಮೇಲೆ. "ಹಾಗಾದರೆ ಆಗ ಫೋನ್‌ನಲ್ಲಿ ಯಾರಿದ್ದರು ಅಂತ ಅವರ ಕಡೆ ಹೆಂಗಸರು ಲೆಕ್ಕ ಹಾಕಲ್ವಾ?" ಅಂದಳು. ಅಣ್ಣ ನೋಡುತ್ತಿದ್ದದ್ದು ಮಾರ್ಕೆಟ್ ರೇಟು. ಆದರೆ ಅದನ್ನು ಸ್ಟೇಜ್ ಪಕ್ಕ ನಿಂತು ಬಿಡಿಸಿ ಹೇಳೋಕೆ ಆಗುತ್ತಾ? ಆ ಸಾಲು ಹೋಯಿತು. ಫೋನ್, ಬೈಕ್ ಹಿಂದಿನ ಸೀಟು, ಬೆಂಗಳೂರಿನ ರೂಮು, ಈ ಮೂರು ಬಂದ ಕಡೆಯೆಲ್ಲ ವರ್ಷದ ಲೆಕ್ಕ ನೋಡಿಕೊಳ್ಳಿ. ಮಾತಾಡುವವನಿಗೆ ತಮಾಷೆ ಅನಿಸಿದ್ದು ಕೇಳುವವರಿಗೆ ಸುದ್ದಿಯಾಗುತ್ತೆ.

ನಗಿಸುವ ಭಾಗ ಅಪಾಯ, ಮನಸಿನ ಮಾತು ಸುಲಭ ಅಂತ ಎಲ್ಲರೂ ಅಂದುಕೊಳ್ತಾರೆ. ನನ್ನ ಅನುಭವದಲ್ಲಿ ಉಲ್ಟಾ. ನಗುವಿನಲ್ಲಿ ತಪ್ಪಾದರೆ ನಕ್ಕು ಮರೆಯುತ್ತಾರೆ. ಕಣ್ಣೀರಿನ ಮಾತಿನಲ್ಲಿ ತಪ್ಪಾದರೆ ವರ್ಷಗಟ್ಟಲೆ ನೆನಪಿಟ್ಟುಕೊಳ್ತಾರೆ. ನಾನು ಬರೆದಿದ್ದ ಸಾಲು ಇದು: "ಆ ಬೆಳೆಯ ದುಡ್ಡಲ್ಲಿ ಅಣ್ಣ ಮೊದಲು ನನ್ನ ಕಾಲೇಜ್ ಫೀಸ್ ಕಟ್ಟಿದ. ಚಪ್ಪಲಿ ತಗೊಂಡಿದ್ದು ಆಮೇಲೆ." ಕೇಳಿದವರಿಗೆಲ್ಲ ಇಷ್ಟವಾಯಿತು. ಅಮ್ಮ ಮಾತ್ರ ಸುಮ್ಮನಾದರು. ಆಮೇಲೆ ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದರು: "ಬೀಗರ ಪಕ್ಕ ನಿಮ್ಮಪ್ಪ ಕೂತಿರ್ತಾರೆ ಕಣೋ."

ಅಷ್ಟೇ ಸಾಕಾಯಿತು. ಅಣ್ಣನನ್ನು ಮೇಲೆತ್ತುವ ಆ ಸಾಲು ಅಪ್ಪನನ್ನು ಕೆಳಗಿಳಿಸುತ್ತಿತ್ತು. ಮಗನ ಫೀಸ್ ಕಟ್ಟೋಕೆ ಅಪ್ಪನ ಹತ್ತಿರ ಇರಲಿಲ್ಲ ಅಂತ ತುಂಬಿದ ಛತ್ರಕ್ಕೆ ಸಾರಿದಂತೆ ಆಗುತ್ತಿತ್ತು. ದುಡ್ಡಿನ ಉಪಕಾರ ಹೇಳಿದರೆ ಯಾರೋ ಒಬ್ಬರು ಚಿಕ್ಕವರಾಗ್ತಾರೆ. ನಿದ್ದೆ, ಓಡಾಟ, ಸಮಯ, ಇದನ್ನು ಹೇಳಿದರೆ ಯಾರೂ ಆಗಲ್ಲ. ಅದೇ ರಾತ್ರಿಯಲ್ಲಿ ಇನ್ನೊಂದು ನಿಜ ಇತ್ತು. ಅದನ್ನೇ ಹಾಕಿದೆ: "ಅವತ್ತು ಕಾವಲಿಗೆ ಹೋಗಬೇಕಾಗಿದ್ದು ನಾನು. ಬೆಳಗ್ಗೆ ನನಗೆ ಪರೀಕ್ಷೆ ಇತ್ತು. ನೀನು ಮಲಗು ಅಂತ ಹೇಳಿ ಅಣ್ಣ ಹೋದ." ಇಷ್ಟು ಹೇಳಿ ನಿಲ್ಲಿಸಿದೆ. "ನೀನೇ ನನಗೆ ಎಲ್ಲ" ಅನ್ನೋ ತರದ ಸಾಲು ಒಂದೂ ಇಡಲಿಲ್ಲ.

ಅತ್ತಿಗೆಯ ಮೇಲೆ ತಮಾಷೆ ಬೇಡವೇ ಬೇಡ. ಸುಮ್ನೆ ಅಡುಗೆ ಬಗ್ಗೆಯೂ ಬೇಡ. ಅವರಿಗೆ ಅದು ಇನ್ನೂ ಹೊಸ ಮನೆ, ನಮಗೆ ಅವರ ಸಲಿಗೆ ಇನ್ನೂ ಸಿಕ್ಕಿಲ್ಲ. ನನ್ನ ಕಣ್ಣಾರೆ ನೋಡಿದ ಒಂದು ಸಂಗತಿ ಸಾಕು ಅಂತ ತೀರ್ಮಾನಿಸಿದೆ. ಅವರ ಊರು ತಿಪಟೂರು ಕಡೆ. ಹೆಣ್ಣು ನೋಡೋಕೆ ಹೋದಾಗ ಒಳಗೆ ನಮಗೆಲ್ಲ ಉಪ್ಪಿಟ್ಟು, ಕೇಸರಿಬಾತ್ ಕೊಟ್ಟರು. ಹೊರಗೆ ಕಾರಿನಲ್ಲಿ ಕೂತಿದ್ದ ಡ್ರೈವರ್‌ಗೆ ತಟ್ಟೆ ಹೋಯಿತಾ ಅಂತ ಕೇಳಿದ್ದು ಅತ್ತಿಗೆ ಒಬ್ಬರೇ. ಅದನ್ನು ಹೇಳಿದೆ. ಹೇಳುವ ಮುಂಚೆ ಅವರ ತಮ್ಮನಿಗೆ ಫೋನ್ ಮಾಡಿ ಕೇಳಿದ್ದೆ. ಅವನಿಂದ ಇನ್ನೂ ಎರಡು ಮುಟ್ಟಬಾರದ ವಿಷಯ ತಿಳಿಯಿತು. ಆ ಒಂದು ಫೋನ್ ಮಾಡದೆ ಯಾರೂ ಮೈಕ್ ಮುಟ್ಟಬೇಡಿ.

ನಡುವೆ ಒಂದೆರಡು ಪ್ರಯೋಗ ಮಾಡಿದೆ. ನಮ್ಮ ಮುಳಬಾಗಿಲು ಕಡೆಯ ಅಜ್ಜಿಯರಿಗೆ ತೆಲುಗು ಹತ್ತಿರ. ಅವರಿಗೋಸ್ಕರ ಒಂದು ತೆಲುಗು ಸಾಲು ಸೇರಿಸಿದ್ದೆ, ಚೆನ್ನಾಗೇ ಇತ್ತು. ನಿಶ್ಚಿತಾರ್ಥದಲ್ಲಿ ಸುಮ್ನೆ ಹೇಳಿ ನೋಡಿದೆ. ನಮ್ಮ ಕಡೆಯವರು ಜೋರಾಗಿ ನಕ್ಕರು. ತಿಪಟೂರಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅರ್ಧ ಹಾಲ್ ನಕ್ಕು ಇನ್ನರ್ಧಕ್ಕೆ ಅರ್ಥ ಆಗದಿದ್ದರೆ, ನಮ್ಮ ಬಗ್ಗೆಯೇ ಏನೋ ಅಂದರು ಅಂತ ಅನಿಸುತ್ತೆ. ತೆಗೆದೆ. ಇನ್ನೊಂದು, ಎಲ್‌ಇಡಿ ಪರದೆ ಮೇಲೆ ಹಳೆ ಫೋಟೋ ಬಿಡೋದು. ವಿಡಿಯೋದವರು ಅದಕ್ಕೆ ಬೇರೆಯಾಗಿ ಮೂರೋ ನಾಲ್ಕೋ ಸಾವಿರ ಕೇಳಿದರು. ಗೆಳೆಯನ ಮನೆ ಕಾರ್ಯಕ್ರಮದಲ್ಲಿ ಇದನ್ನು ನೋಡಿದ್ದೆ. ಫೋಟೋ ಬಂದ ಕೂಡಲೇ ಎಲ್ಲರೂ "ಇವರು ಯಾರು, ಅವರು ಯಾರು" ಅಂತ ಶುರು ಮಾಡ್ತಾರೆ. ಮಾತು ಸತ್ತೇ ಹೋಗುತ್ತೆ. ದುಡ್ಡು ಉಳಿಸಿದೆ.

ಇನ್ನು ಹೊತ್ತು. ಏಳು ಗಂಟೆಗೆ ಜನ ಇರಲ್ಲ. ಎಂಟು ಗಂಟೆಗೆ ಸ್ಟೇಜ್ ಸಾಲು ಬಾಗಿಲ ತನಕ. ಕವರ್ ಕೊಟ್ಟು, ಫೋಟೋ ತೆಗೆಸಿಕೊಂಡು, ಉಂಡು ಕೊನೆ ಬಸ್ ಹಿಡಿಯೋರನ್ನು ನಿಲ್ಲಿಸಿದರೆ ಬೈತಾರೆ, ಬೈಯಬೇಕಾದ್ದೇ. ಒಂಬತ್ತರ ಆಸುಪಾಸಿಗೆ ಸಾಲು ತೆಳ್ಳಗಾಗುತ್ತೆ. ಆರ್ಕೆಸ್ಟ್ರಾದವರು ಊಟಕ್ಕೆ ಏಳ್ತಾರೆ. ಹತ್ತಿರದ ನೆಂಟರು ಉಂಡು ಬಂದು ಕುರ್ಚಿಯಲ್ಲಿ ಕೂತಿರ್ತಾರೆ. ಗಂಡು ಹೆಣ್ಣು ಇನ್ನೂ ಊಟಕ್ಕೆ ಇಳಿದಿರಲ್ಲ. ಆ ಹತ್ತು ನಿಮಿಷವೇ ನಮ್ಮದು. ಸ್ಟೇಜ್ ಮೆಟ್ಟಿಲ ಹತ್ತಿರ ಒಬ್ಬ ಕಸಿನ್‌ನನ್ನು ನಿಲ್ಲಿಸಿದ್ದೆ, ಆ ಹೊತ್ತಲ್ಲಿ ಯಾರೂ ಹತ್ತದ ಹಾಗೆ. ಅಣ್ಣ ಅತ್ತಿಗೆಗೆ ಕೂರೋಕೆ ಹೇಳಿದ್ದೆ. ನಾನು ಸ್ಟೇಜ್ ಕೆಳಗೆ ನಿಂತೆ. ಪಕ್ಕದಲ್ಲಿ ನಿಂತರೆ ಜನ ನನ್ನನ್ನು ನೋಡ್ತಾರೆ. ಕೆಳಗಿದ್ದರೆ ಅವರಿಬ್ಬರ ಮುಖ ನೋಡ್ತಾರೆ. ಅಣ್ಣ ನಕ್ಕರೆ ಎಲ್ಲರೂ ನಗ್ತಾರೆ.

ಮೈಕ್‌ಗೆ ಖರ್ಚು ಮಾಡಿದ್ದು ಒಳ್ಳೆಯ ಖರ್ಚು. ಆರ್ಕೆಸ್ಟ್ರಾಕ್ಕೆ ಒಟ್ಟು ಮೂವತ್ತು ಸಾವಿರದ ಮೇಲೆ ಆಗಿತ್ತು. ಸೌಂಡ್ ನೋಡಿಕೊಳ್ಳುವ ಹುಡುಗನಿಗೆ ಬೇರೆಯಾಗಿ 500 ಕೊಟ್ಟು ಎರಡು ಕೆಲಸ ಮಾಡಿಸಿದೆ. ಒಂದು, ವೈರ್ ಇರುವ ಮೈಕ್. ಕಾರ್ಡ್‌ಲೆಸ್ ಬ್ಯಾಟರಿ ಆ ಹೊತ್ತಿಗೆ ಹಾಡಿ ಹಾಡಿ ಮುಗಿದಿರುತ್ತೆ. ಎರಡು, ಹಾಡಿಗೆ ಹಾಕಿದ ಎಕೋ ಪೂರ್ತಿ ತೆಗೆಸಿದೆ. ಅದು ಇದ್ದರೆ ಹಾಡು ಚೆನ್ನ, ಮಾತು ಗೊಜ್ಜು. "ಒಂದು, ಎರಡು" ಅಂದು ನೋಡಿ. ಕೊನೆಯ ಅಕ್ಷರ ವಾಪಸ್ ಬಂದರೆ ಇನ್ನೂ ತೆಗೆದಿಲ್ಲ ಅಂತ. ತೆಗೆದ ಮೇಲೂ ಛತ್ರದ ಗೋಡೆ ಸ್ವಲ್ಪ ಗುಂಯ್ ಅನ್ನುತ್ತೆ. ಅದಕ್ಕೇ ನನ್ನ ಸಾಲುಗಳೆಲ್ಲ ಐದಾರು ಪದದ್ದು. ಕೈಬರಹದಲ್ಲಿ ಎರಡು ಪುಟ ಇತ್ತು, ನಾಲ್ಕು ನಿಮಿಷ ಹಿಡಿಯಿತು. ಹಾಳೆ ಜೇಬಲ್ಲೇ ಇತ್ತು, ತೆಗೆಯಲಿಲ್ಲ.

ಹಾಲ್ ಸುಮ್ಮನಾಗಿಸೋಕೆ ನಾನು ಹೇಳಿದ ಮೊದಲ ಸಾಲು ಇಲ್ಲಿ ಬರೆಯಲ್ಲ. ಚಿಕ್ಕಪ್ಪನ ಮನೆಯಲ್ಲಿ ಇನ್ನೊಂದು ಮದುವೆ ಇದೆ, ಅಲ್ಲಿ ಬೇಕು. ಕೊನೆಯದು ಹೇಳ್ತೀನಿ: "ಅತ್ತಿಗೆ, ಅಣ್ಣನ ಕೈಗೆ ಕೊಟ್ಟಿದ್ದು ಯಾವತ್ತೂ ಕಳೆದುಹೋಗಲ್ಲ. ನೀವು ಅವನ ಚಪ್ಪಲಿ ಒಂದು ನೋಡಿಕೊಳ್ಳಿ. ಇವತ್ತೂ ಛತ್ರದ ಬಾಗಿಲಲ್ಲೇ ಬಿಟ್ಟಿದ್ದಾನೆ." ಅಲ್ಲಿ ಬಂದ ನಗು ನಿಲ್ಲೋಕೆ ಸ್ವಲ್ಪ ಹೊತ್ತು ಬೇಕಾಯಿತು. ತೆಂಗಿನ ತೋಟದ ನಮ್ಮ ಬೀಗರು ಎದ್ದು ಬಂದು ಕೈ ಹಿಡಿದುಕೊಂಡರು. ಅಪ್ಪ ಅವರ ಪಕ್ಕದಲ್ಲೇ ತಲೆ ಎತ್ತಿ ಕೂತಿದ್ದರು. ನನಗೆ ಬೇಕಾಗಿದ್ದು ಅದೇ.

ಕೊನೆಗೆ ಒಂದು ವಿಷಯ, ಇದನ್ನು ಅಡ್ವಾನ್ಸ್ ಕೊಡುವಾಗಲೇ ಮಾತಾಡಿ. ವಿಡಿಯೋ ಎಡಿಟ್ ಮಾಡುವವರು ಎಲ್ಲದರ ಮೇಲೂ ಸಿನಿಮಾ ಹಾಡು ಎಳೀತಾರೆ, ನಿಮ್ಮ ಮಾತಿನ ಮೇಲೂ ಎಳೀತಾರೆ. ಆ ಭಾಗಕ್ಕೆ ಹಾಡು ಬೇಡ, ಮೂಲ ಧ್ವನಿಯೇ ಇರಲಿ ಅಂತ ಹೇಳಿ, ಎಡಿಟ್ ಮಾಡದ ಫೈಲನ್ನೂ ಪೆನ್‌ಡ್ರೈವ್‌ನಲ್ಲಿ ಇಸ್ಕೊಳ್ಳಿ. ನನಗೆ ಅದಕ್ಕೆ ಸಾವಿರ ರೂಪಾಯಿ ಆಯಿತು.