ಕಂದು ಉಳಿಯಿತು, ಹಸಿರು ಹೋಯಿತು: ಎಸ್‌ಕೆಯು ಕಡಿತದಲ್ಲಿ ನನ್ನ ಅನುಭವ

ಬಣ್ಣ ತಯಾರಿಸುವ ಕಾರ್ಖಾನೆಯೊಂದರಲ್ಲಿ ಉತ್ಪಾದನಾ ಯೋಜನೆ ನನ್ನ ಕೆಲಸ. ಪ್ರತಿ ಬಣ್ಣದ ಪ್ರತಿ ಅಳತೆಯ ಡಬ್ಬಿಯೂ ನಮ್ಮಲ್ಲಿ ಒಂದೊಂದು ಎಸ್‌ಕೆಯು. ನಿಧಾನವಾಗಿ ಮಾರಾಟವಾಗುವ ಎಸ್‌ಕೆಯುಗಳನ್ನು ಕಡಿಮೆ ಮಾಡಬೇಕೆಂದಾಗ ಪಟ್ಟಿಯ ತಳದಲ್ಲಿದ್ದದ್ದು ಗಾಢ ಕಂದು ಬಣ್ಣದ ಕಾಲು ಲೀಟರ್ ಡಬ್ಬಿ. ವರ್ಷಕ್ಕೆ 1,200 ಡಬ್ಬಿ, ಅಂದರೆ ಬರೀ 300 ಲೀಟರ್. ಆದರೆ ವೆಚ್ಚದ ಹಾಳೆಯಲ್ಲಿ ಅದು ಲಾಭದಲ್ಲೇ ಇತ್ತು. ಲಾಭ ಬರುತ್ತಿರುವುದನ್ನು ಏಕೆ ನಿಲ್ಲಿಸಬೇಕು ಎಂದು ಮಾರಾಟದವರು ಕೇಳಿದ್ದು ಸಹಜವೇ.

ಆ ಲಾಭ ಎಲ್ಲಿಂದ ಬರುತ್ತಿತ್ತು ಎಂದು ನೋಡಿದೆ. ಒಂದು ಬಣ್ಣ ತುಂಬಿ ಇನ್ನೊಂದಕ್ಕೆ ಹೋಗುವಾಗ ಟ್ಯಾಂಕ್, ಪೈಪು, ನಳಿಕೆ ಎಲ್ಲವನ್ನೂ ತೊಳೆಯಬೇಕು. ತಿಳಿ ಬಣ್ಣದಿಂದ ಗಾಢ ಬಣ್ಣಕ್ಕೆ ಹೋಗುವುದು ಸುಲಭ. ಗಾಢ ಕಂದಿನ ನಂತರ ಬಿಳಿ ತುಂಬಬೇಕಾದರೆ, ಹೊರಬರುವ ತೊಳೆದ ದ್ರವದಲ್ಲಿ ಬಣ್ಣದ ಛಾಯೆ ಇಲ್ಲವಾಗುವವರೆಗೂ ತೊಳೆಯುತ್ತಲೇ ಇರಬೇಕು. ಈ ಕಂದು ಡಬ್ಬಿಯ ಒಂದು ಸರದಿಗೆ ಹಿಂದೆ ಮುಂದೆ ಸೇರಿ ತೊಳೆಯಲು 100 ನಿಮಿಷ ಹೋಗುತ್ತಿತ್ತು. 200 ಡಬ್ಬಿ ತುಂಬಲು 20 ನಿಮಿಷ ಸಾಕು. ಜೊತೆಗೆ ಪೈಪಿನಲ್ಲಿ ಉಳಿದು ಹಾಳಾಗುವ ಬಣ್ಣ ಸುಮಾರು 4 ಲೀಟರ್. 50 ಲೀಟರ್ ತುಂಬಲು 4 ಲೀಟರ್ ಚೆಲ್ಲಿದಂತೆ.

ವೆಚ್ಚದ ಹಾಳೆ ಇದನ್ನು ಹೇಗೆ ಮರೆಮಾಡುತ್ತದೆ? ಡಬ್ಬಿ ತುಂಬುವ ಆ ಲೈನಿನಲ್ಲಿ ವರ್ಷಕ್ಕೆ 4 ಲಕ್ಷ ಲೀಟರ್ ತುಂಬುತ್ತೇವೆ, ತೊಳೆಯಲು 40,000 ನಿಮಿಷ ಹೋಗುತ್ತದೆ. ಲೆಕ್ಕದವರು ಅದನ್ನು ಎಲ್ಲ ಲೀಟರಿಗೂ ಸಮನಾಗಿ ಹಂಚುತ್ತಾರೆ, ಲೀಟರಿಗೆ 0.1 ನಿಮಿಷ. ಕಾಗದದ ಮೇಲೆ ಕಂದು ಡಬ್ಬಿಯ ಪಾಲು 30 ನಿಮಿಷ. ವರ್ಷಕ್ಕೆ ಆರು ಸರದಿ ಓಡುತ್ತಿದ್ದುದರಿಂದ ನಿಜವಾಗಿ ತಿಂದದ್ದು 600 ನಿಮಿಷ. ಉಳಿದ 570 ನಿಮಿಷವನ್ನು ಹೆಚ್ಚು ಮಾರಾಟವಾಗುವ ಬಿಳಿ ಬಣ್ಣ ಹೊತ್ತುಕೊಂಡಿತ್ತು. ಹಣಕ್ಕಿಂತ ಮೊದಲು ನಿಮಿಷಗಳಲ್ಲಿ ಲೆಕ್ಕ ಹಾಕಬೇಕೆಂದು ನಾನು ಹಟ ಹಿಡಿಯುವುದು ಇದಕ್ಕೇ: ನಿಮಿಷವನ್ನು ಯಾರೂ ಸರಾಸರಿಯಲ್ಲಿ ಬಚ್ಚಿಡಲಾಗದು, ಲೈನಿನ ದಿನಚರಿ ಪುಸ್ತಕದಲ್ಲಿ ಅದು ಬರೆದೇ ಇರುತ್ತದೆ.

ಇಷ್ಟಕ್ಕೇ ಡಬ್ಬಿಯನ್ನು ಕೈಬಿಡಲು ಮನಸ್ಸು ಒಪ್ಪಲಿಲ್ಲ. ಅದನ್ನು ಕೊಂಡವರ ಬಿಲ್ಲುಗಳನ್ನು ತೆಗೆಸಿದೆ. ದೊಡ್ಡ ಗ್ರಾಹಕರಿಬ್ಬರು ಬಿಳಿಯ 20 ಲೀಟರ್ ಬಕೆಟ್ಟುಗಳ ಜೊತೆಗೆ ಅಂಚಿನ ಕೆಲಸಕ್ಕೆಂದು ಈ ಸಣ್ಣ ಡಬ್ಬಿಯನ್ನೂ ತರಿಸುತ್ತಿದ್ದರು. ಇದು ಸಿಗದಿದ್ದರೆ ಇಡೀ ಆರ್ಡರ್ ಬೇರೆ ಕಡೆ ಹೋಗುವ ಸಂಭವವಿತ್ತು. ಎಸ್‌ಕೆಯುವಿನ ಮಾರಾಟವನ್ನಷ್ಟೇ ನೋಡಿದರೆ ಇದು ಕಾಣುವುದಿಲ್ಲ.

ಆಗ ಹೊಳೆದದ್ದು, ತೊಳೆಯುವ ಖರ್ಚು ಡಬ್ಬಿಯದಲ್ಲ, ಬಣ್ಣದ್ದು. ಅದೇ ಕಂದು ಒಂದು ಲೀಟರ್ ಡಬ್ಬಿಯಲ್ಲೂ ಹೋಗುತ್ತದೆ. ಎರಡಕ್ಕೂ ಬೇರೆ ಬೇರೆ ಕನಿಷ್ಠ ದಾಸ್ತಾನು ಮಟ್ಟ ಇದ್ದುದರಿಂದ ಸಿಸ್ಟಮ್ ಬೇರೆ ಬೇರೆ ವಾರಗಳಲ್ಲಿ ಅವುಗಳನ್ನು ಕೇಳುತ್ತಿತ್ತು. ಒಂದು ಲೀಟರಿನ ಸರದಿಯ ಬೆನ್ನಿಗೇ ಕಾಲು ಲೀಟರ್ ತುಂಬಿದರೆ ನಳಿಕೆ ಮತ್ತು ಡಬ್ಬಿಯ ಹಳಿ ಬದಲಿಸಲು 15 ನಿಮಿಷ ಸಾಕು. ವರ್ಷಕ್ಕೆ ಮೂರು ಸರದಿ ಎಂದು ಮಾಡಿದೆವು. 600 ನಿಮಿಷ 45ಕ್ಕೆ ಇಳಿಯಿತು. ಒಮ್ಮೆಗೆ 400 ಡಬ್ಬಿ ತುಂಬುವುದರಿಂದ ಸರಾಸರಿ ದಾಸ್ತಾನು ಇಮ್ಮಡಿಯಾಯಿತು. ಸಣ್ಣ ಡಬ್ಬಿ, ಬಾಳಿಕೆ ಸಾಕಷ್ಟಿದೆ, ಹಾಗಾಗಿ ಒಪ್ಪಿಕೊಂಡೆವು.

ಅದೇ ಕಣ್ಣಿನಿಂದ ನೋಡಿದಾಗ ಸಿಕ್ಕಿಬಿದ್ದದ್ದು ಯಾರೂ ಅನುಮಾನಿಸದ ಒಂದು ಹಸಿರು. ಮೂರು ಅಳತೆಗಳಲ್ಲಿ ಇತ್ತು, ಮೂರೂ ಪಟ್ಟಿಯ ಮಧ್ಯದಲ್ಲಿ ಆರಾಮವಾಗಿದ್ದವು. ಒಟ್ಟುಗೂಡಿಸಿದರೆ 2,400 ಲೀಟರಿಗೆ ಎಂಟು ತೊಳೆತ, 800 ನಿಮಿಷ. ಕಾಗದದಲ್ಲಿ 240. ಮೇಲಾಗಿ ಅದರ ವರ್ಣದ್ರವ್ಯ ಬೇರೆ ಯಾವ ಬಣ್ಣಕ್ಕೂ ಬಳಕೆಯಾಗುತ್ತಿರಲಿಲ್ಲ, ಮೂರು ಬಗೆಯ ಲೇಬಲ್ಲನ್ನು ಮುದ್ರಕರು 5,000ಕ್ಕಿಂತ ಕಡಿಮೆ ಕೊಡುತ್ತಿರಲಿಲ್ಲ. ಒಂದು ಅಳತೆ ತೆಗೆದರೆ ಇದರಲ್ಲಿ ಹೆಚ್ಚೇನೂ ಉಳಿತಾಯವಾಗದು, ಬಣ್ಣವೇ ಹೋಗಬೇಕು.

ನಿಲ್ಲಿಸುವುದಕ್ಕೂ ಕ್ರಮ ಬೇಕು. ಮೊದಲು ಲೇಬಲ್ ಮತ್ತು ವರ್ಣದ್ರವ್ಯದ ಖರೀದಿ ತಡೆದು, ಇದ್ದ ವರ್ಣದ್ರವ್ಯ ಎಷ್ಟು ಲೀಟರಿಗೆ ಬರುತ್ತದೆಂದು ನೋಡಿ ಕೊನೆಯ ಸರದಿಯ ಗಾತ್ರ ನಿರ್ಧರಿಸಿದೆವು. ಗ್ರಾಹಕರಿಗೆ ಕೊನೆಯ ಆರ್ಡರಿನ ದಿನಾಂಕದ ಜೊತೆ ಹತ್ತಿರದ ಛಾಯೆಯ ಮಾದರಿ ಪಟ್ಟಿ ಕಳಿಸಿದೆವು. ಹಳೆಯ ಗೋಡೆಗೆ ಅದೇ ಹಸಿರು ಬೇಕೆಂದವರು ಬದಲಿ ಛಾಯೆ ಒಪ್ಪುವುದಿಲ್ಲ; ಅವರಿಗೆ ಕೊನೆಯ ಸರದಿಯಲ್ಲೇ ಹೆಚ್ಚು ಕೊಳ್ಳಲು ಹೇಳಿದೆವು. ಸಿಸ್ಟಮ್‌ನಲ್ಲಿ ಕೋಡನ್ನು ತಡೆಯದಿದ್ದರೆ ಅದು ಮತ್ತೆ ಬೇಡಿಕೆ ಹುಟ್ಟಿಸುತ್ತದೆ, ಅದನ್ನೂ ಅಂದೇ ಮುಗಿಸಿದೆವು.

ಉಳಿತಾಯವಾದ ನಿಮಿಷಗಳು ತಾವಾಗಿ ಹಣವಾಗುವುದಿಲ್ಲ. ಬೇಡಿಕೆ ತಗ್ಗಿದ ತಿಂಗಳುಗಳಲ್ಲಿ ಲೈನ್ ಖಾಲಿ ನಿಲ್ಲುತ್ತದೆ, ಆಗ ಉಳಿತಾಯವೆಂದರೆ ತೊಳೆಯುವ ದ್ರಾವಕ ಮತ್ತು ಪೈಪಿನ ಬಣ್ಣ ಮಾತ್ರ. ಬಿಳಿಗೆ ಆರ್ಡರ್ ಬಾಕಿ ಇರುವ ತಿಂಗಳುಗಳಲ್ಲಿ ಮಾತ್ರ ಆ ನಿಮಿಷಗಳಿಗೆ ಪೂರ್ತಿ ಬೆಲೆ. ಹಾಗಾಗಿ ಆಡಳಿತಕ್ಕೆ ಕೊಟ್ಟ ವರದಿಯಲ್ಲಿ ಉಳಿತಾಯವನ್ನು ಎರಡು ಸಾಲಿನಲ್ಲಿ ಬರೆದೆ: ಕೈಗೆ ಬಂದದ್ದು ಒಂದು, ಬಿಳಿ ತುಂಬಿದರೆ ಬರುವುದು ಇನ್ನೊಂದು.